ಉಳಿಕೆ ಸೊನ್ನೆ, ಆದರೂ ಗಡಿ ಕೂರುವುದಿಲ್ಲ: ಹಳೆಯ ಗ್ರಾಮ ನಕಾಶೆಯ ಜಿಯೋರೆಫರೆನ್ಸಿಂಗ್ ದೋಷ ನಿವಾರಣೆ

ದೋಷದ ಲಕ್ಷಣ

ಹಳೆಯ ಗ್ರಾಮ ನಕಾಶೆಯನ್ನು ಸ್ಕ್ಯಾನ್ ಮಾಡಿ, QGIS ತಂತ್ರಾಂಶದ `Georeferencer` ಕಿಟಕಿಯಲ್ಲಿ ನಕಾಶೆಯ ಒಂದು ಗುರುತನ್ನು ನೆಲದ ಅದೇ ಗುರುತಿಗೆ ಜೋಡಿಸುವ ಏಳು ನಿಯಂತ್ರಣ ಬಿಂದುಗಳನ್ನು ಕೊಟ್ಟು, ಉಪಗ್ರಹ ಚಿತ್ರದ ಮೇಲೆ ಹೊದಿಸಲಾಗಿದೆ. ಬಿಂದುಗಳ ಪಟ್ಟಿಯಲ್ಲಿ ಉಳಿಕೆಯ ಕಾಲಂ, ಅಂದರೆ ಲೆಕ್ಕದ ನಂತರವೂ ಬಿಂದು ತನ್ನ ಜಾಗದಿಂದ ಎಷ್ಟು ದೂರ ಉಳಿದಿದೆ ಎಂದು ಹೇಳುವ `Residual (pixels)`, ಎಲ್ಲ ಬಿಂದುಗಳಿಗೂ ಒಂದು ಪಿಕ್ಸೆಲ್‌ಗಿಂತ ಕಡಿಮೆ ತೋರಿಸುತ್ತಿದೆ. ಆದರೆ ನಕಾಶೆಯನ್ನು ಅರೆಪಾರದರ್ಶಕ ಮಾಡಿ ನೋಡಿದರೆ, ಬಿಂದು ಕೊಟ್ಟ ಜಾಗಗಳಲ್ಲಿ ಮಾತ್ರ ಗೆರೆ ಸರಿಯಾಗಿ ಕೂತಿದೆ. ಎರಡು ಬಿಂದುಗಳ ನಡುವೆ ಹೊಲದ ಬದು ಇಪ್ಪತ್ತು ಮೀಟರ್ ಆಚೆ ಬಿದ್ದಿದೆ. ಬಿಂದುಗಳಿಲ್ಲದ ಮೂಲೆಯಲ್ಲಿ ಊರಿನ ಗಡಿ ಅರವತ್ತು ಮೀಟರ್ ಸರಿದಿದೆ. ಕಾಗದದ ಮೇಲೆ ನೆಟ್ಟಗಿದ್ದ ಗಡಿಗೆರೆ ಪರದೆಯ ಮೇಲೆ ಬಿಲ್ಲಿನಂತೆ ಬಾಗಿದೆ.

ಇಂಥ ಸ್ಥಿತಿಯಲ್ಲಿ ಹೆಚ್ಚಿನವರು ಮಾಡುವುದು ಇನ್ನೂ ನಾಲ್ಕು ಬಿಂದು ಸೇರಿಸಿ, ನಕಾಶೆಯನ್ನು ನೆಲಕ್ಕೆ ಕೂರಿಸುವ ಇನ್ನೂ ಬಲವಾದ ಸೂತ್ರಕ್ಕೆ, ಅಂದರೆ ರೂಪಾಂತರಕ್ಕೆ, ಹೋಗುವುದು. ಅದು ರೋಗವನ್ನು ಮುಚ್ಚಿಡುವ ದಾರಿ. ದೋಷ ಹುಡುಕಬೇಕಾದರೆ ಹೋಗಬೇಕಾದದ್ದು ತೀರ ಸರಳವಾದ ರೂಪಾಂತರಕ್ಕೆ. ಅದಕ್ಕೆ ಕಾರಣವನ್ನು ಮೊದಲು ಸ್ಪಷ್ಟಮಾಡಿಕೊಳ್ಳಬೇಕು.

ಉಳಿಕೆ ಚಿಕ್ಕದಾಗಿ ಕಾಣುವುದು ಏಕೆ

ಪ್ರತಿ ರೂಪಾಂತರಕ್ಕೂ ಲೆಕ್ಕ ಹಾಕಬೇಕಾದ ಅಜ್ಞಾತಗಳು ಇಂತಿಷ್ಟು ಎಂದು ಇರುತ್ತವೆ. ಒಂದು ನಿಯಂತ್ರಣ ಬಿಂದು ಎರಡು ಸಮೀಕರಣಗಳನ್ನು ಕೊಡುತ್ತದೆ, ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು. `Helmert` ರೂಪಾಂತರ ನಕಾಶೆಯನ್ನು ಸರಿಸುತ್ತದೆ, ತಿರುಗಿಸುತ್ತದೆ, ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಅದಕ್ಕೆ ಇರುವುದು ನಾಲ್ಕು ಅಜ್ಞಾತ, ಹಾಗಾಗಿ ಎರಡು ಬಿಂದು ಸಾಕು. `Polynomial 1`, ಅಂದರೆ ಅಫೈನ್, ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆ ಪ್ರಮಾಣವನ್ನು ಒಪ್ಪುತ್ತದೆ, ಚೌಕವನ್ನು ಸ್ವಲ್ಪ ಓರೆಯಾಗಿಸಲೂ ಬಿಡುತ್ತದೆ. ಆರು ಅಜ್ಞಾತ, ಮೂರು ಬಿಂದು. `Polynomial 2` ನೆಟ್ಟಗಿನ ಗೆರೆಯನ್ನು ಬಾಗಿಸಬಲ್ಲದು, ಅದಕ್ಕೆ ಕನಿಷ್ಠ ಆರು ಬಿಂದು. `Polynomial 3` ಗೆ ಹತ್ತು. `Thin Plate Spline` ಕೊಟ್ಟ ಪ್ರತಿ ಬಿಂದುವಿನ ಮೂಲಕವೂ ಹಾದುಹೋಗುವಂತೆ ಇಡೀ ಹಾಳೆಯನ್ನು ರಬ್ಬರಿನಂತೆ ಎಳೆಯುತ್ತದೆ.

ಏಳು ಬಿಂದು ಕೊಟ್ಟು `Polynomial 2` ಆರಿಸಿದರೆ ಹದಿನಾಲ್ಕು ಸಮೀಕರಣ, ಹನ್ನೆರಡು ಅಜ್ಞಾತ. ತಪ್ಪನ್ನು ಹೊರಗೆ ತೋರಿಸಲು ಉಳಿಯುವುದು ಎರಡೇ. ಏಳರಲ್ಲಿ ಒಂದು ಬಿಂದು ಮೂವತ್ತು ಮೀಟರ್ ತಪ್ಪಾಗಿದ್ದರೂ ಲೆಕ್ಕ ಅದನ್ನು ನುಂಗಿ, ಸುತ್ತಲಿನ ಕಾಗದವನ್ನು ಬಾಗಿಸಿ, ಉಳಿಕೆಯನ್ನು ಚಿಕ್ಕದಾಗಿ ತೋರಿಸುತ್ತದೆ. ಆರೇ ಬಿಂದು ಇದ್ದರೆ ಉಳಿಕೆ ಸೊನ್ನೆ. ಸ್ಪ್ಲೈನ್‌ನಲ್ಲಿ ಬಿಂದು ಎಷ್ಟಿದ್ದರೂ ಸೊನ್ನೆಯೇ. ಆ ಸೊನ್ನೆ ಸೂತ್ರದ ಗುಣ, ನಕಾಶೆ ಸರಿಯಾಗಿ ಕೂತಿದೆ ಎಂಬುದಕ್ಕೆ ಸಾಕ್ಷಿ ಅಲ್ಲ.

ಹೆಲ್ಮರ್ಟ್‌ಗೆ ಬಾಗಿಸುವ ಶಕ್ತಿ ಇಲ್ಲದಿರುವುದರಿಂದಲೇ ಅದು ಒಳ್ಳೆಯ ಪರೀಕ್ಷಕ. ನಕಾಶೆಯಲ್ಲಿ, ಕಾಗದದಲ್ಲಿ, ಬಿಂದುಗಳಲ್ಲಿ ಇರುವ ತಪ್ಪುಗಳೆಲ್ಲ ಉಳಿಕೆಯಾಗಿ ಹೊರಗೆ ಬೀಳುತ್ತವೆ. ಪರದೆಯ ಮೇಲೆ ಪ್ರತಿ ಬಿಂದುವಿನಿಂದ ಹೊರಡುವ ಕೆಂಪು ಗೆರೆ ಆ ತಪ್ಪು ಎಷ್ಟು, ಯಾವ ದಿಕ್ಕಿಗೆ ಎಂದು ಹೇಳುತ್ತದೆ. ದೋಷ ಪತ್ತೆಯೆಂದರೆ ಬಹುಮಟ್ಟಿಗೆ ಆ ಕೆಂಪು ಗೆರೆಗಳನ್ನು ಓದುವ ಕೆಲಸ.

ಬಿಂದುಗಳನ್ನು ಮುಟ್ಟುವ ಮೊದಲು ಎರಡು ಅಳತೆ

ಮೊದಲನೆಯದು, ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಎಷ್ಟು ಎಂಬುದು. ಎಂಟು ಅಂಗುಲಕ್ಕೆ ಒಂದು ಮೈಲಿ ಪ್ರಮಾಣದ ನಕಾಶೆಯನ್ನು ತೆಗೆದುಕೊಳ್ಳೋಣ. ಅಲ್ಲಿ ಒಂದು ಅಂಗುಲಕ್ಕೆ 660 ಅಡಿ, ಅಂದರೆ ಹತ್ತು ಗಂಟರ್ ಸರಪಳಿ. ಪ್ರಮಾಣ 1:7920. ಅದನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 201.17 ಮೀಟರ್ ಅನ್ನು 300ರಿಂದ ಭಾಗಿಸಿ, ಪಿಕ್ಸೆಲ್‌ಗೆ 0.67 ಮೀಟರ್. ಕಾಗದದ ಮೇಲಿನ ಅರ್ಧ ಮಿಲಿಮೀಟರ್ ದಪ್ಪದ ಮಸಿಗೆರೆ ನೆಲದ ಮೇಲೆ ಸುಮಾರು ನಾಲ್ಕು ಮೀಟರ್ ಅಗಲ, ಸ್ಕ್ಯಾನ್‌ನಲ್ಲಿ ಆರು ಪಿಕ್ಸೆಲ್. ಹೀಗಾಗಿ ಇಂಥ ನಕಾಶೆಯಲ್ಲಿ ನಾಲ್ಕರಿಂದ ಎಂಟು ಪಿಕ್ಸೆಲ್ ಉಳಿಕೆ ಸಹಜ. ಉಳಿಕೆ ಅರ್ಧ ಪಿಕ್ಸೆಲ್‌ಗೆ ಇಳಿದರೆ ಸಂತೋಷಪಡುವ ಬದಲು ಅನುಮಾನಪಡಬೇಕು, ಏಕೆಂದರೆ ಗೆರೆಯ ದಪ್ಪಕ್ಕಿಂತ ಸೂಕ್ಷ್ಮವಾಗಿ ಯಾರೂ ಬಿಂದು ಇಡಲಾರರು.

ಎರಡನೆಯದು, ಯಾವ ನಿರ್ದೇಶಾಂಕ ಪದ್ಧತಿಯಲ್ಲಿ ಕೆಲಸ ನಡೆಯುತ್ತಿದೆ ಎಂಬುದು. ಇದನ್ನು ಬಿಟ್ಟು ಮುಂದೆ ಹೋದರೆ ಇಡೀ ರೋಗನಿರ್ಣಯ ತಪ್ಪುತ್ತದೆ. ಗುರಿ ಪದ್ಧತಿ `EPSG:4326` ಆಗಿದ್ದರೆ ಅಳತೆ ಡಿಗ್ರಿಗಳಲ್ಲಿ ನಡೆಯುತ್ತದೆ. 14° ಅಕ್ಷಾಂಶದಲ್ಲಿ ಪೂರ್ವ–ಪಶ್ಚಿಮವಾಗಿ ಒಂದು ಡಿಗ್ರಿ ಸುಮಾರು 108 ಕಿಲೋಮೀಟರ್, ಉತ್ತರ–ದಕ್ಷಿಣವಾಗಿ ಸುಮಾರು 110.6. ಎರಡು ದಿಕ್ಕಿಗೆ ಎರಡು ಪ್ರಮಾಣ ಬಂದ ಮೇಲೆ ಹೆಲ್ಮರ್ಟ್ ಶೇಕಡಾ ಎರಡಕ್ಕೂ ಮೀರಿದ ವ್ಯತ್ಯಾಸ ತೋರಿಸುತ್ತದೆ, ನೋಡುವವರು ಕಾಗದ ಕುಗ್ಗಿದೆ ಎಂದುಕೊಳ್ಳುತ್ತಾರೆ. ಕಾಗದ ನಿರಪರಾಧಿ.

ಅಂತರ್ಜಾಲದ ಉಪಗ್ರಹ ಚಿತ್ರಗಳು ಬರುವ `EPSG:3857` ಇನ್ನೊಂದು ಬಗೆಯ ಬಲೆ. ಅದು ಆಕಾರವನ್ನು ಬಹುತೇಕ ಕಾಪಾಡುತ್ತದೆ, ಹಾಗಾಗಿ ಉಳಿಕೆಯಲ್ಲಿ ಏನೂ ಕಾಣುವುದಿಲ್ಲ. ಆದರೆ 14° ಅಕ್ಷಾಂಶದಲ್ಲಿ ಉದ್ದವನ್ನು ಶೇಕಡಾ 3ರಷ್ಟು, ವಿಸ್ತೀರ್ಣವನ್ನು ಶೇಕಡಾ 6ರಷ್ಟು ಹಿಗ್ಗಿಸಿ ತೋರಿಸುತ್ತದೆ. 8 ಎಕರೆ 20 ಗುಂಟೆಯ ಜಮೀನನ್ನು ಅದರ ಸಮತಲ ಲೆಕ್ಕದಲ್ಲಿ ಅಳೆದರೆ 9 ಎಕರೆ ದಾಟುತ್ತದೆ. ಗುರಿಯಾಗಿ ಮೀಟರಿನ ಯುಟಿಎಂ ಪದ್ಧತಿಯನ್ನೇ ಇಟ್ಟುಕೊಳ್ಳುವುದು ಕ್ಷೇಮ. 72° ಮತ್ತು 78° ಪೂರ್ವ ರೇಖಾಂಶಗಳ ನಡುವಿನ ಊರಿಗೆ ಅದು `EPSG:32643`. ಹಿನ್ನೆಲೆಯ ಚಿತ್ರ ಬೇರೆ ಪದ್ಧತಿಯಲ್ಲಿದ್ದರೂ ಯೋಜನೆಯ ಪದ್ಧತಿಯನ್ನು ಬದಲಿಸಿಕೊಂಡು ಬಿಂದು ತೆಗೆಯಬಹುದು.

ಕೆಂಪು ಗೆರೆಗಳನ್ನು ಓದುವುದು: ಒಂದು ನಕಾಶೆಯ ಪರೀಕ್ಷೆ

ಮೇಲೆ ಹೇಳಿದ 1:7920 ನಕಾಶೆಯನ್ನೇ ಹಿಡಿದು ಹೋಗೋಣ. ಊರು ಪೂರ್ವ–ಪಶ್ಚಿಮ ಸುಮಾರು ನಾಲ್ಕು ಕಿಲೋಮೀಟರ್, ಉತ್ತರ–ದಕ್ಷಿಣ ಮೂರು. ಮೊದಲಿದ್ದ ಏಳು ಬಿಂದುಗಳಲ್ಲಿ ಐದು ಊರಿನ ಮಧ್ಯದ ರಸ್ತೆಯ ಉದ್ದಕ್ಕೂ ಇವೆ. ಇದೇ ಒಂದು ದೊಡ್ಡ ದೋಷ. ಬಿಂದುಗಳು ಒಂದೇ ಸಾಲಿನಲ್ಲಿದ್ದರೆ ಆ ಸಾಲಿನ ಅಕ್ಕಪಕ್ಕಕ್ಕೆ ನಕಾಶೆ ಎಷ್ಟು ಹಿಗ್ಗಬೇಕು ಎಂದು ಲೆಕ್ಕಕ್ಕೆ ತಿಳಿಯುವುದಿಲ್ಲ, ಅದು ಊಹಿಸುತ್ತದೆ, ಮತ್ತು ಅಂಚಿಗೆ ಹೋದಷ್ಟೂ ಊಹೆ ಕೆಡುತ್ತದೆ. ಹಾಗಾಗಿ ಅಂಚುಗಳಲ್ಲಿ ಏಳು ಬಿಂದು ಹೊಸದಾಗಿ ಹುಡುಕಿ, ಒಟ್ಟು ಹದಿನಾಲ್ಕು ಮಾಡಿಕೊಳ್ಳಬೇಕು. ಅದರಲ್ಲಿ ಹನ್ನೊಂದನ್ನು ಮಾತ್ರ ಲೆಕ್ಕಕ್ಕೆ ಬಿಟ್ಟು, ಬೇರೆ ಬೇರೆ ಭಾಗದ ಮೂರನ್ನು ಪರೀಕ್ಷೆಗೆಂದು ಪಕ್ಕಕ್ಕಿಡಬೇಕು. ಪಟ್ಟಿಯಲ್ಲಿ ಅವುಗಳ ಮುಂದಿನ ಟಿಕ್ ತೆಗೆದರೆ ಅವು ಲೆಕ್ಕಕ್ಕೆ ಸೇರುವುದಿಲ್ಲ.

ಬಿಂದುಗಳ ಆಯ್ಕೆಯಲ್ಲಿ ನನ್ನ ಪಕ್ಷಪಾತ ಸ್ಪಷ್ಟ: ಸರ್ವೆ ಮಾಡಿದವರು ಸರಪಳಿ ಹಿಡಿದು ಅಳೆದ ಜಾಗವೇ ಮೊದಲು. ಮೂರು ಊರುಗಳ ಗಡಿ ಸೇರುವ ಕಲ್ಲು, ಹೊಲಗಳ ಗಡಿ ಕೂಡುವ ಮೂಲೆ, ಇಂದಿಗೂ ಬದುವಿನ ಮೂಲೆಯಾಗಿ ಉಪಗ್ರಹ ಚಿತ್ರದಲ್ಲಿ ಕಾಣುವ ಜಾಗ. ಆಮೇಲೆ ಕಲ್ಲುಕಟ್ಟಡದ ಹಳೆಯ ಬಾವಿ, ಕೆರೆ ಏರಿಯ ತುದಿ. ಕೆರೆಯ ನೀರಿನ ಅಂಚು, ಹಳ್ಳದ ತಿರುವು, ಮರ ಇವು ಬೇಡ, ಏಕೆಂದರೆ ಇವು ಸರಿದಾಡುತ್ತವೆ. ನಕಾಶೆಯಲ್ಲಿ ಊರಿನ ಮನೆಗಳನ್ನು ಬಹಳ ಸಲ ಗುರುತಿಗೆಂದು ಬರೆದಿರುತ್ತಾರೆಯೇ ಹೊರತು ಅಳೆದಿರುವುದಿಲ್ಲ, ಆದ್ದರಿಂದ ಅವೂ ಬೇಡ. ರಸ್ತೆ ಕೂಡುವ ಜಾಗ ನೋಡಲು ಆಕರ್ಷಕ, ಆದರೆ ರಸ್ತೆ ಅಗಲವಾಗುವಾಗ, ನೇರವಾಗುವಾಗ ಜಾಗ ಬದಲಿಸುತ್ತದೆ.

ಈಗ ಹನ್ನೊಂದು ಬಿಂದುಗಳಿಗೆ `Helmert` ಹಾಕಿ. ಕೆಂಪು ಗೆರೆಗಳಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕಾಣುತ್ತವೆ. ಪೂರ್ವ ಮತ್ತು ಪಶ್ಚಿಮ ಅಂಚಿನ ಬಿಂದುಗಳ ಗೆರೆಗಳು ಸುಮಾರು 18 ಪಿಕ್ಸೆಲ್ ಉದ್ದವಿದ್ದು, ಎರಡೂ ಕಡೆ ಹೊರಮುಖವಾಗಿವೆ. ಉತ್ತರ ಮತ್ತು ದಕ್ಷಿಣ ಅಂಚಿನವು ಸುಮಾರು 13 ಪಿಕ್ಸೆಲ್, ಒಳಮುಖ. ಮಧ್ಯದಲ್ಲಿ ಗೆರೆಗಳು ಚಿಕ್ಕವು. ಈ ಕ್ರಮಬದ್ಧತೆಯನ್ನು ಮೀರಿ ನಿಂತಿರುವುದು ಏಳನೆಯ ಬಿಂದು. ಅದರ ಗೆರೆ ಐವತ್ತು ಪಿಕ್ಸೆಲ್ ಹತ್ತಿರ, ದಿಕ್ಕೂ ಬೇರೆ.

ಮೊದಲ ಸಂಗತಿ ಕಾಗದದ್ದು. ಒಂದು ದಿಕ್ಕಿಗೆ ಹೊರಮುಖ, ಅದಕ್ಕೆ ಅಡ್ಡಲಾಗಿ ಒಳಮುಖ, ಮಧ್ಯದಿಂದ ಅಂಚಿಗೆ ಹೋದಂತೆ ಹೆಚ್ಚಳ, ಇದು ಎರಡು ದಿಕ್ಕಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿದ ಹಾಳೆಯ ಗುರುತು. ಕಾಗದದ ನಾರಿನ ಉದ್ದಕ್ಕೆ ಕುಗ್ಗುವುದು ಕಡಿಮೆ, ಅಡ್ಡಕ್ಕೆ ಹೆಚ್ಚು. ಹಾಳೆಯನ್ನು ಎಳೆದುಕೊಳ್ಳುವ ರೋಲರ್ ಸ್ಕ್ಯಾನರ್ ಕೂಡ ಎಳೆಯುವ ದಿಕ್ಕಿನಲ್ಲಿ ಇದೇ ಬಗೆಯ ವ್ಯತ್ಯಾಸ ತರಬಲ್ಲದು. ಅನುಮಾನವನ್ನು ನೇರ ಅಳತೆಯಿಂದ ಖಚಿತಪಡಿಸಬಹುದು. ಪೂರ್ವ–ಪಶ್ಚಿಮವಾಗಿ ಎರಡು ಗಡಿ ಕಲ್ಲುಗಳ ನಡುವೆ ಸ್ಕ್ಯಾನ್‌ನಲ್ಲಿ 5,200 ಪಿಕ್ಸೆಲ್, ನೆಲದ ಮೇಲೆ 3,541 ಮೀಟರ್. ಪಿಕ್ಸೆಲ್‌ಗೆ 0.681. ಉತ್ತರ–ದಕ್ಷಿಣವಾಗಿ 3,900 ಪಿಕ್ಸೆಲ್, 2,625 ಮೀಟರ್. ಪಿಕ್ಸೆಲ್‌ಗೆ 0.673. ಇರಬೇಕಾದದ್ದು ಎರಡೂ ಕಡೆ 0.6706. ಅಂದರೆ ಹಾಳೆ ಅಡ್ಡಕ್ಕೆ ಸುಮಾರು ಶೇಕಡಾ 1.5, ಉದ್ದಕ್ಕೆ ಶೇಕಡಾ 0.4 ಕುಗ್ಗಿದೆ. ಇಷ್ಟು ತಿಳಿದ ಮೇಲೆ ಅಫೈನ್ ಆರಿಸಲು ನಮ್ಮ ಕೈಯಲ್ಲಿ ಕಾರಣವಿದೆ. ಉಳಿಕೆ ಇಳಿಯುತ್ತದೆ ಎಂಬ ಆಸೆಯಿಂದ ಆರಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ.

`Polynomial 1` ಗೆ ಬದಲಿಸಿದಾಗ ಅಂಚಿನ ಬಿಂದುಗಳ ಉಳಿಕೆ ಹತ್ತು ಪಿಕ್ಸೆಲ್‌ಗಿಂತ ಕೆಳಗೆ ಇಳಿಯುತ್ತದೆ. ಏಳನೆಯದು 45ರಲ್ಲೇ ನಿಲ್ಲುತ್ತದೆ. ಈಗ ಅದರ ನೆರೆಯ ಬಿಂದುಗಳನ್ನು ನೋಡಿ: ಅವುಗಳ ಚಿಕ್ಕ ಗೆರೆಗಳು ಏಳನೆಯದರ ಗೆರೆಗೆ ವಿರುದ್ಧ ದಿಕ್ಕಿನಲ್ಲಿವೆ. ತಪ್ಪು ಬಿಂದು ಇಡೀ ನಕಾಶೆಯನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡಿದೆ, ಸರಿಯಿರುವ ನೆರೆಯವು ಅದರ ಬೆಲೆ ತೆರುತ್ತಿವೆ. ನಕಾಶೆಯ ಆ ಭಾಗವೇ ತಪ್ಪಾಗಿದ್ದರೆ ನೆರೆಯ ಗೆರೆಗಳು ಅದೇ ದಿಕ್ಕಿಗೆ ಇರುತ್ತಿದ್ದವು. ದೋಷ ಬಿಂದುವಿನದೋ ನಕಾಶೆಯದೋ ಎಂದು ಬೇರ್ಪಡಿಸಲು ಇದಕ್ಕಿಂತ ನಂಬಿಕೆಯ ಗುರುತು ನನಗೆ ತಿಳಿದಿಲ್ಲ.

ಆದರೂ ಉಳಿಕೆ ದೊಡ್ಡದು ಎಂಬ ಒಂದೇ ಕಾರಣಕ್ಕೆ ಬಿಂದುವನ್ನು ಅಳಿಸಬಾರದು. ಆ ಜಾಗಕ್ಕೆ ಹಿಂತಿರುಗಿ ನೋಡಬೇಕು. ಇಲ್ಲಿ ಏಳನೆಯ ಬಿಂದು ರಸ್ತೆ ಕೂಡುವ ಜಾಗ. ನಕಾಶೆಯಲ್ಲಿ ಅಡ್ಡರಸ್ತೆ ಒಂದು ಹೊಲದ ದಕ್ಷಿಣ ಮೂಲೆಯಲ್ಲಿ ಸೇರುತ್ತದೆ. ಉಪಗ್ರಹ ಚಿತ್ರದಲ್ಲಿ ಈಗಿನ ರಸ್ತೆ ಅದಕ್ಕಿಂತ ಮೂವತ್ತೈದು ಮೀಟರ್ ಉತ್ತರಕ್ಕೆ ಸೇರುತ್ತದೆ, ಹಳೆಯ ಮೂಲೆಯಲ್ಲಿ ಬರೀ ಬದು ಉಳಿದಿದೆ. ಕಾರಣ ಸಿಕ್ಕಿತು, ಬಿಂದುವನ್ನು ತೆಗೆಯಬಹುದು. ತೆಗೆದ ಮೇಲೆ ಉಳಿದ ಹತ್ತೂ ಬಿಂದುಗಳು 3ರಿಂದ 7 ಪಿಕ್ಸೆಲ್‌ಗಳೊಳಗೆ ಬರುತ್ತವೆ. ಗೆರೆಗಳ ದಿಕ್ಕಿನಲ್ಲಿ ಯಾವ ಕ್ರಮವೂ ಉಳಿಯುವುದಿಲ್ಲ, ಒಂದು ಅತ್ತ, ಒಂದು ಇತ್ತ. ದಿಕ್ಕುಗಳು ಹೀಗೆ ಚದುರಿರುವುದೇ ಮಸಿಗೆರೆಯ ದಪ್ಪಕ್ಕೆ ಬಂದು ನಿಂತಿದ್ದೇವೆ ಎಂಬುದಕ್ಕೆ ಗುರುತು.

ಇನ್ನೂ ಬಲವಾದ ರೂಪಾಂತರ ಬೇಕೇ ಎಂದು ತೀರ್ಮಾನಿಸುವುದು

ಈ ಹಂತದಲ್ಲಿ `Polynomial 2` ಹಾಕಿದರೆ ಉಳಿಕೆ 2ರಿಂದ 4 ಪಿಕ್ಸೆಲ್‌ಗೆ ಇಳಿಯುತ್ತದೆ. ಇಳಿಯಲೇಬೇಕು, ಅಜ್ಞಾತಗಳು ದುಪ್ಪಟ್ಟಾಗಿವೆ. ತೀರ್ಪು ಕೊಡಬೇಕಾದದ್ದು ಪಕ್ಕಕ್ಕಿಟ್ಟ ಮೂರು ಪರೀಕ್ಷಾ ಬಿಂದುಗಳು. ಅದೇ ಹತ್ತು ಬಿಂದುಗಳಿಂದ ಮೂರು ಬಗೆಯ ಚಿತ್ರ ತಯಾರಿಸಿ ಹೋಲಿಸುವುದು ಸುಲಭ. ಬಿಂದುಗಳನ್ನು ಸೇರಿಸಿದ ಕಡತ `nakashe_gcp.vrt` ಎಂದಿಟ್ಟುಕೊಂಡರೆ, GDAL ತಂತ್ರಾಂಶದ ಆಜ್ಞೆಗಳು ಇವು:

```
gdalwarp -order 1 -r cubic -tr 0.67 0.67 -t_srs EPSG:32643 nakashe_gcp.vrt n_order1.tif
gdalwarp -order 2 -r cubic -tr 0.67 0.67 -t_srs EPSG:32643 nakashe_gcp.vrt n_order2.tif
gdalwarp -tps     -r cubic -tr 0.67 0.67 -t_srs EPSG:32643 nakashe_gcp.vrt n_tps.tif
```

ಮೂರನ್ನೂ ಉಪಗ್ರಹ ಚಿತ್ರದ ಮೇಲಿಟ್ಟು, ಪ್ರತಿ ಪರೀಕ್ಷಾ ಬಿಂದುವಿನಲ್ಲಿ ನಕಾಶೆಯ ಗುರುತು ನೆಲದ ಗುರುತಿನಿಂದ ಎಷ್ಟು ದೂರ ಬಿದ್ದಿದೆ ಎಂದು ಅಳೆಯಬೇಕು. ನಮ್ಮ ನಕಾಶೆಯಲ್ಲಿ ಅಫೈನ್‌ಗೆ 4, 5 ಮತ್ತು 6 ಮೀಟರ್. ಎರಡನೇ ಘಾತದ ಬಹುಪದಕ್ಕೆ 5, 9 ಮತ್ತು 14. ಸ್ಪ್ಲೈನ್‌ಗೆ 6, 8 ಮತ್ತು 11. ಬಿಂದುಗಳ ಮೇಲಿನ ಉಳಿಕೆ ಇಳಿದಿದೆ, ಬಿಂದುಗಳ ಆಚೆಯ ತಪ್ಪು ಏರಿದೆ. ಬಲವಾದ ರೂಪಾಂತರಗಳು ನಮ್ಮ ಕೈಯ ನಡುಕವನ್ನೇ ಕಾಗದದ ಆಕಾರವೆಂದು ಕಲಿತುಕೊಂಡಿವೆ ಎಂದರ್ಥ. ಅಫೈನ್ ಉಳಿಯಿತು.

ಪರೀಕ್ಷಾ ಬಿಂದು ಮೂರೇ ಇದ್ದರೆ ಸಾಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೆಚ್ಚಿದ್ದರೆ ಒಳ್ಳೆಯದು. ಸಿಗದಿದ್ದರೆ ಇನ್ನೊಂದು ಸ್ವತಂತ್ರ ಸಾಕ್ಷಿ ಇದೆ: ಭೂದಾಖಲೆಯಲ್ಲಿ ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಬರೆದಿರುತ್ತದೆ. ಮಧ್ಯದ ಒಂದು, ನಾಲ್ಕು ಮೂಲೆಗಳ ನಾಲ್ಕು ಹೊಲಗಳನ್ನು ನಕಾಶೆಯ ಮೇಲೆ ಗೆರೆ ಎಳೆದು ವಿಸ್ತೀರ್ಣ ನೋಡಿ. ವ್ಯತ್ಯಾಸ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿದ್ದರೆ ನಿರ್ದೇಶಾಂಕ ಪದ್ಧತಿಯನ್ನು ಮತ್ತೊಮ್ಮೆ ಪರೀಕ್ಷಿಸಿ. ಮಧ್ಯದಲ್ಲಿ ಸರಿಯಿದ್ದು ಮೂಲೆಗಳಲ್ಲಿ ಹಿಗ್ಗಿದರೆ ಬಹುಪದದ ಕೈವಾಡ. ಉಪವಿಭಾಗವಾಗದ, ಗಡಿ ಬದಲಾಗದ ಹೊಲಗಳನ್ನೇ ಇದಕ್ಕೆ ಆರಿಸಬೇಕು.

ಅಫೈನ್ ಸೋಲುವ ಸಂದರ್ಭಗಳು

ಎಲ್ಲ ಹಾಳೆಗಳೂ ಇಷ್ಟು ವಿಧೇಯವಾಗಿರುವುದಿಲ್ಲ. ಅಫೈನ್ ಹಾಕಿದ ಮೇಲೂ ಗೆರೆಗಳಲ್ಲಿ ಕ್ರಮ ಉಳಿದರೆ ಆ ಕ್ರಮವೇ ಮುಂದಿನ ದಾರಿ ಹೇಳುತ್ತದೆ.

ಹಾಳೆಯ ಎಡಭಾಗದ ಎಲ್ಲ ಗೆರೆಗಳು ಒಂದು ಕಡೆಗೆ, ಬಲಭಾಗದವೆಲ್ಲ ಇನ್ನೊಂದು ಕಡೆಗೆ ವಾಲಿದ್ದು, ಬದಲಾವಣೆ ಒಂದೇ ಸಾಲಿನಲ್ಲಿ ಥಟ್ಟನೆ ಆದರೆ, ಆ ಸಾಲಿನಲ್ಲಿ ಅಂಟಿಸಿದ ಜೋಡಣೆಯನ್ನೋ ಮಡಿಕೆ ಹರಿದ ಗುರುತನ್ನೋ ಹುಡುಕಿ. ಬಟ್ಟೆಗೆ ಅಂಟಿಸಿ ಉಳಿಸಿದ ಹಳೆಯ ನಕಾಶೆಗಳಲ್ಲಿ ಮಡಿಕೆಯ ತುಂಡುಗಳ ನಡುವೆ ಸಂದು ಬಿಟ್ಟಿರುವುದೂ ಉಂಟು. ಇಂಥ ಕಡೆ ಯಾವ ನುಣುಪಾದ ರೂಪಾಂತರವೂ ನ್ಯಾಯ ಒದಗಿಸದು, ಏಕೆಂದರೆ ದೋಷವೇ ನುಣುಪಾಗಿಲ್ಲ. ಚಿತ್ರವನ್ನು ಆ ಸಾಲಿನಲ್ಲಿ ಕತ್ತರಿಸಿ, ಪ್ರತಿ ತುಂಡಿಗೂ ಪ್ರತ್ಯೇಕವಾಗಿ ನಾಲ್ಕೈದು ಬಿಂದು ಕೊಟ್ಟು ಅಫೈನ್ ಹಾಕಿ. ಶ್ರಮ ಹೆಚ್ಚು, ಫಲಿತಾಂಶ ಪ್ರಾಮಾಣಿಕ.

ನಕಾಶೆಯನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿದ್ದರೆ ಆಯತಾಕಾರದ ಚೌಕಟ್ಟು ಒಂದು ಕಡೆ ಕಿರಿದಾಗಿ ಕಾಣುತ್ತದೆ. ಅದಕ್ಕೆ ತಕ್ಕದ್ದು `Projective`, ಕನಿಷ್ಠ ನಾಲ್ಕು ಬಿಂದು. ಅದು ಓರೆ ನೋಟವನ್ನು ಮಾತ್ರ ಸರಿಪಡಿಸುತ್ತದೆ. ಕಾಗದ ಅಲ್ಲಲ್ಲಿ ಎದ್ದುನಿಂತಿದ್ದರೆ, ಸುರುಳಿ ಸುತ್ತಿಕೊಂಡಿದ್ದರೆ, ಮತ್ತೆ ಸಮತಟ್ಟಾಗಿ ಹಾಸಿ ಸ್ಕ್ಯಾನ್ ಮಾಡುವುದೇ ಮದ್ದು.

ಹಾಳೆ ತೇವ ತಿಂದು ಅಲ್ಲಲ್ಲಿ ಉಬ್ಬಿದ್ದರೆ, ನೆರೆಯ ಬಿಂದುಗಳ ಗೆರೆಗಳು ಒಂದೇ ದಿಕ್ಕಿನಲ್ಲಿದ್ದು, ದೂರ ಹೋದಂತೆ ನಿಧಾನವಾಗಿ ತಿರುಗುತ್ತವೆ. ಸ್ಪ್ಲೈನ್‌ಗೆ ನಿಜವಾಗಿ ಹಕ್ಕಿರುವುದು ಇಲ್ಲಿ. ಆದರೆ ಅದು ಪ್ರತಿ ಬಿಂದುವನ್ನೂ ಕಣ್ಣು ಮುಚ್ಚಿ ನಂಬುತ್ತದೆ. ಆದ್ದರಿಂದ ಮೊದಲು ಅಫೈನ್‌ನಲ್ಲಿ ತಪ್ಪು ಬಿಂದುಗಳನ್ನೆಲ್ಲ ಹೆಕ್ಕಿ ತೆಗೆದು, ಇಪ್ಪತ್ತು ಮೂವತ್ತು ಬಿಂದುಗಳನ್ನು ಹಾಳೆಯ ತುಂಬ ಸಮನಾಗಿ ಹರಡಿ, ಅಂಚಿನ ಗಡಿಯ ಮೇಲೂ ಇಟ್ಟು, ಆಮೇಲೆ ಸ್ಪ್ಲೈನ್‌ಗೆ ಹೋಗಬೇಕು. ಬಿಂದುಗಳ ಬೇಲಿಯ ಆಚೆ ಅದು ಹೇಳುವುದನ್ನು ನಂಬಬಾರದು. ಮೂರನೇ ಘಾತದ ಬಹುಪದವನ್ನು ಗ್ರಾಮ ನಕಾಶೆಗೆ ಬಳಸಲು ನನಗಂತೂ ಕಾರಣ ಕಾಣುವುದಿಲ್ಲ. ಅದು ಅಂಚಿನಲ್ಲಿ ಹುಚ್ಚೆದ್ದು ಓಡುತ್ತದೆ, ನಮಗೆ ಬೇಕಾದ ಊರ ಗಡಿ ಇರುವುದೇ ಅಂಚಿನಲ್ಲಿ.

ಕೊನೆಯದು, ನಕಾಶೆಯೇ ತಪ್ಪಿರುವ ಸಂದರ್ಭ. ಪ್ರತಿಯಿಂದ ಪ್ರತಿ ತೆಗೆಯುವಾಗ ಯಾರೋ ಒಂದು ಹೊಲದ ಗೆರೆಯನ್ನು ಸರಿಸಿ ಎಳೆದಿರಬಹುದು. ಸುತ್ತಲಿನ ಬಿಂದುಗಳೆಲ್ಲ ಸರಿಯಿದ್ದು, ಒಂದು ಹೊಲದ ಎರಡು ಮೂಲೆಗಳು ಮಾತ್ರ ಒಂದೇ ದಿಕ್ಕಿಗೆ ಮೂವತ್ತು ಪಿಕ್ಸೆಲ್ ತಪ್ಪಿದರೆ ಅನುಮಾನ ಅತ್ತ ಹೋಗಬೇಕು. ಅದನ್ನು ರೂಪಾಂತರದಿಂದ ಎಳೆದು ಕೂರಿಸಬೇಡಿ. ಆ ಮೂಲೆಗಳನ್ನು ಲೆಕ್ಕದಿಂದ ಹೊರಗಿಟ್ಟು, ತಪ್ಪನ್ನು ನಕಾಶೆಯಲ್ಲಿ ಇದ್ದಂತೆಯೇ ಬಿಟ್ಟು, ಟಿಪ್ಪಣಿಯಲ್ಲಿ ಬರೆದಿಡಿ. ನಾಳೆ ಆ ಹೊಲದ ಗಡಿಯ ಪ್ರಶ್ನೆ ಬಂದರೆ ಮೂಲ ನಕಾಶೆ ಏನು ತೋರಿಸುತ್ತಿತ್ತು ಎಂಬುದು ಬೇಕಾಗುತ್ತದೆ. ಆಗಲೂ ಗಡಿಯನ್ನು ನಿರ್ಧರಿಸುವುದು ಸರ್ವೆಯ ಮೂಲ ಅಳತೆಗಳೇ ಹೊರತು, ಐದು ಮೀಟರ್ ಆಚೀಚೆ ಇರುವ ನಮ್ಮ ಚಿತ್ರವಲ್ಲ.

ಕಡತದ ಜೊತೆ ಇಡಬೇಕಾದದ್ದು

ಬಿಂದುಗಳ `.points` ಕಡತವನ್ನು ಸ್ಕ್ಯಾನ್‌ನ ಜೊತೆಯಲ್ಲೇ ಉಳಿಸಿ. ತೆಗೆದ ಬಿಂದುಗಳನ್ನು ಅಳಿಸದೆ, ಟಿಕ್ ಮಾತ್ರ ತೆಗೆದು ಬಿಡಿ. ಪಕ್ಕದ ಒಂದು ಪಠ್ಯ ಕಡತದಲ್ಲಿ ಬಳಸಿದ ರೂಪಾಂತರ, ನಿರ್ದೇಶಾಂಕ ಪದ್ಧತಿ, ಉಪಗ್ರಹ ಚಿತ್ರದ ಮೂಲ, ಮತ್ತು ಪರೀಕ್ಷಾ ಬಿಂದುಗಳ ತಪ್ಪನ್ನು ಮೀಟರ್‌ಗಳಲ್ಲಿ ಬರೆಯಿರಿ. ಮೇಲಿನ ನಕಾಶೆಗೆ ಆ ಸಾಲು ಹೀಗಿರುತ್ತದೆ: ಅಫೈನ್, `EPSG:32643`, 10 ಬಿಂದು, 3 ಪರೀಕ್ಷಾ ಬಿಂದುಗಳಲ್ಲಿ ಗರಿಷ್ಠ ತಪ್ಪು 6 ಮೀಟರ್, ಏಳನೆಯ ಬಿಂದು ರಸ್ತೆ ಸರಿದ ಕಾರಣ ಹೊರಗೆ.